ಜೆರಿಮ್ಯಾಂಡರಿಂಗ್: ಓಟು ಕದಿಯದೆ ಸೀಟು ಗೆಲ್ಲುವ ವಿದ್ಯೆ

ಕಳೆದ ವರ್ಷದಿಂದ ನಮ್ಮ ಫೋನಿಗೆ ಬರುವ ಫಾರ್ವರ್ಡುಗಳಲ್ಲಿ ಒಂದು ಪದ ಪದೇ ಪದೇ ಕಾಣುತ್ತಿದೆ: ಜೆರಿಮ್ಯಾಂಡರಿಂಗ್. ಟಿವಿ ಚರ್ಚೆಯಲ್ಲಿ ಕೂತವರು ಅದನ್ನು ಒಗ್ಗರಣೆ ಹಾಕಿದ ಹಾಗೆ ಎಲ್ಲದಕ್ಕೂ ಹಾಕುತ್ತಾರೆ. ಮತದಾರರ ಪಟ್ಟಿಯಿಂದ ಹೆಸರು ಹೋದರೆ ಜೆರಿಮ್ಯಾಂಡರಿಂಗ್ ಅನ್ನುತ್ತಾರೆ ಒಬ್ಬರು. ದಕ್ಷಿಣದ ರಾಜ್ಯಗಳಿಗೆ ಲೋಕಸಭೆಯಲ್ಲಿ ಪಾಲು ಕಡಿಮೆಯಾಗುವುದೇ ಜೆರಿಮ್ಯಾಂಡರಿಂಗ್ ಅನ್ನುತ್ತಾರೆ ಇನ್ನೊಬ್ಬರು. ಮತಯಂತ್ರದ ಮೇಲೆ ಅನುಮಾನ ಪಡುವವರೂ ಇದೇ ಪದ ಬಳಸಿದ್ದನ್ನು ನಾವು ಕೇಳಿದ್ದೇವೆ. ಹಳ್ಳಿಗಳಲ್ಲಿ ಸುದ್ದಿಗೆ ಹೋದಾಗ, "ನೀವು ಪೇಪರ್‌ನವರಲ್ವಾ, ಹಂಗಂದ್ರೇನು ಸಾರ್?" ಎಂದು ಕೇಳುವವರು ಹೆಚ್ಚಾಗಿದ್ದಾರೆ.

ನಾವು ಜಿಲ್ಲಾ ಸ್ಟ್ರಿಂಗರುಗಳು. ಪ್ರಕಟವಾದ ಸುದ್ದಿಗೆ ಇಷ್ಟು ಅಂತ ಕಾಸು ಎಣಿಸುವವರು. ಡಿಪ್ಲೊಮಾ ಓದುವಾಗ ಈ ಪದ ಎರಡು ಅಂಕದ ಪ್ರಶ್ನೆಯಾಗಿತ್ತು, ಒಂದು ಸಾಲಿನ ಉತ್ತರ ಬರೆದು ಮುಂದೆ ಹೋಗಿದ್ದೆವು. ಈಗ ಕೇಳುವವರಿಗೆ ಒಂದು ಸಾಲು ಸಾಲದು. ಅದಕ್ಕೇ ಸ್ವಲ್ಪ ಕೂತು ಓದಿದೆವು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲೇ ಒಂದು ಮಾತು. ಮೇಲೆ ಹೇಳಿದ ಮೂರೂ ಜೆರಿಮ್ಯಾಂಡರಿಂಗ್ ಅಲ್ಲ. ಪಟ್ಟಿಯಿಂದ ಹೆಸರು ತೆಗೆಯುವುದು ಬೇರೆ ಸಂಗತಿ. ಯಂತ್ರದ ಅನುಮಾನ ಬೇರೆ. ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂಬ ಜಗಳವೂ ಬೇರೆ, ಅದು ಪಾಲು ಹಂಚುವ ಜಗಳ. ಜೆರಿಮ್ಯಾಂಡರಿಂಗ್‌ನಲ್ಲಿ ಪಟ್ಟಿ ಸರಿಯಾಗಿಯೇ ಇರುತ್ತದೆ. ಹಾಕಿದ ಓಟೆಲ್ಲ ಎಣಿಕೆಗೆ ಬರುತ್ತದೆ. ಸೀಟುಗಳ ಸಂಖ್ಯೆಯೂ ಅಷ್ಟೇ ಇರುತ್ತದೆ. ಬದಲಾಗುವುದು ಒಂದೇ, ಕ್ಷೇತ್ರದ ಗಡಿ. ಇಂಥ ಪಕ್ಷ ಗೆಲ್ಲಬೇಕು ಎಂದು ಲೆಕ್ಕ ಹಾಕಿ ಆ ಗೆರೆ ಎಳೆದರೆ, ಅದಕ್ಕೆ ಮಾತ್ರ ಈ ಹೆಸರು.

ಹೆಸರಿನ ಕತೆ ಚಿಕ್ಕದು, ಚೆನ್ನಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ 1812ರಲ್ಲಿ ಎಲ್‌ಬ್ರಿಜ್ ಗೆರಿ ಎಂಬವರು ಗವರ್ನರ್ ಆಗಿದ್ದರು. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಹಾಗಲ್ಲ, ಜನರೇ ಆರಿಸುವ ಮುಖ್ಯಮಂತ್ರಿ ಇದ್ದ ಹಾಗೆ. ಅವರ ಪಕ್ಷದವರು ರಾಜ್ಯದ ಸೆನೆಟ್ ಕ್ಷೇತ್ರಗಳ ಗಡಿಯನ್ನು ತಮಗೆ ಅನುಕೂಲವಾಗುವಂತೆ ತಿದ್ದಿ ಮಸೂದೆ ಮಾಡಿದರು, ಗೆರಿ ಸಹಿ ಹಾಕಿದರು. ಎಸೆಕ್ಸ್ ಎಂಬ ಪ್ರದೇಶದ ಒಂದು ಕ್ಷೇತ್ರ ಸೊಟ್ಟಪಟ್ಟ ಸುತ್ತಿಕೊಂಡು ಹೋಗಿತ್ತು. ಬಾಸ್ಟನ್ನಿನ ಪತ್ರಿಕೆಯೊಂದು ಆ ನಕ್ಷೆಗೆ ರೆಕ್ಕೆ, ಉಗುರು, ಹಲ್ಲು ಬರೆದು ವ್ಯಂಗ್ಯಚಿತ್ರ ಮಾಡಿತು. ಸಲಮ್ಯಾಂಡರ್ ಎಂದರೆ ಹಲ್ಲಿಯಂತೆ ಕಾಣುವ ಒಂದು ಪ್ರಾಣಿ. ಗೆರಿ ಮತ್ತು ಸಲಮ್ಯಾಂಡರ್ ಸೇರಿಸಿ 'ಗೆರಿಮ್ಯಾಂಡರ್' ಎಂದು ಕರೆದರು. ಆ ಮನುಷ್ಯ ತನ್ನ ಹೆಸರನ್ನು 'ಗೆರಿ' ಎಂದೇ ಹೇಳುತ್ತಿದ್ದದ್ದು, ಬರಬರುತ್ತಾ ಜನರ ಬಾಯಲ್ಲಿ 'ಜೆರಿ' ಆಯಿತು. ನಮಗಂತೂ ಹಳೆಯ ಉಚ್ಚಾರಣೆಯೇ ಇಷ್ಟ. ಗೆರೆಯ ಆಟಕ್ಕೆ ಗೆರಿ ಅನ್ನುವ ಹೆಸರು, ಕನ್ನಡದವರೇ ಇಟ್ಟ ಹಾಗಿದೆ.

ಆ ವರ್ಷದ ಫಲಿತಾಂಶ ಏನಾಯಿತು ನೋಡಿ. ಸೆನೆಟ್ ಚುನಾವಣೆಯಲ್ಲಿ ಎದುರು ಪಕ್ಷಕ್ಕೆ 51 ಸಾವಿರಕ್ಕೂ ಹೆಚ್ಚು ಓಟು, ಗೆರಿಯ ಪಕ್ಷಕ್ಕೆ 50 ಸಾವಿರದ ಆಸುಪಾಸು. ಸೀಟು ಮಾತ್ರ 40ರಲ್ಲಿ ಎದುರು ಪಕ್ಷಕ್ಕೆ 11, ಗೆರಿಯ ಪಕ್ಷಕ್ಕೆ 29! ಆದರೆ ಅದೇ ವರ್ಷ ಗವರ್ನರ್ ಚುನಾವಣೆಯಲ್ಲಿ ಗೆರಿ ಸ್ವತಃ ಸೋತರು. ಯಾಕೆಂದರೆ ಗವರ್ನರ್ ಆಯ್ಕೆಗೆ ಇಡೀ ರಾಜ್ಯವೇ ಒಂದು ಕ್ಷೇತ್ರ, ಅಲ್ಲಿ ಎಳೆಯಲು ಗೆರೆಯೇ ಇಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರಿ, ಕಡಿಮೆ ಓಟಿನವರಿಗೆ ಹೆಚ್ಚು ಸೀಟು ಬರುವುದು ಹೇಗೆ? ಒಂದು ಊರಿನ ಲೆಕ್ಕ ಹಾಕೋಣ. ಊರಿನಲ್ಲಿ 500 ಓಟು, 5 ವಾರ್ಡು, ಪ್ರತಿ ವಾರ್ಡಿಗೆ 100 ಓಟು. ಒಂದು ಕಡೆಯವರನ್ನು ರಾಗಿಯವರು ಅನ್ನೋಣ, ಇನ್ನೊಂದು ಕಡೆಯವರನ್ನು ಜೋಳದವರು. ರಾಗಿಯವರದು 260 ಓಟು, ಜೋಳದವರದು 240. ರಾಗಿಯವರೇ ಹೆಚ್ಚು. ಆದರೆ ಗೆರೆ ಎಳೆಯುವ ಸೀಮೆಸುಣ್ಣ ಜೋಳದವರ ಕೈಯಲ್ಲಿದೆ.

ಜೋಳದವರು ಮೊದಲು ಮಾಡುವ ಕೆಲಸ ವಿಚಿತ್ರವಾಗಿ ಕಾಣುತ್ತದೆ. ಅವರು ರಾಗಿಯವರಿಗೆ ಒಂದು ವಾರ್ಡನ್ನು ಪೂರ್ತಿ ಬಿಟ್ಟುಕೊಡುತ್ತಾರೆ. ರಾಗಿಯವರು ಒತ್ತಾಗಿ ಇರುವ ಕೇರಿಗಳನ್ನೆಲ್ಲ ಹುಡುಕಿ ಹುಡುಕಿ ಒಂದೇ ವಾರ್ಡಿಗೆ ಸೇರಿಸುತ್ತಾರೆ. ಅಲ್ಲಿ ರಾಗಿ 90, ಜೋಳ 10. ರಾಗಿಯವರು ಪಟಾಕಿ ಹೊಡೆದು ಗೆಲ್ಲುತ್ತಾರೆ. ಆದರೆ ಗೆಲ್ಲಲು 51 ಸಾಕಿತ್ತು. ಮಿಕ್ಕ 39 ಓಟು ಗೆಲುವಿಗೆ ಏನನ್ನೂ ಸೇರಿಸಲಿಲ್ಲ, ಚೀಲ ತುಂಬಿ ಚೆಲ್ಲಿದ ಕಾಳಿನ ಹಾಗೆ ವ್ಯರ್ಥ. ಈಗ ಉಳಿದ ನಾಲ್ಕು ವಾರ್ಡಿನಲ್ಲಿ ರಾಗಿಯವರ ಓಟು 170 ಮಾತ್ರ, ಜೋಳದವರದು 230. ಎರಡನೆಯ ಕೆಲಸ, ಆ 170ನ್ನು ನಾಲ್ಕೂ ವಾರ್ಡಿಗೆ ಸಮನಾಗಿ ಒಡೆದು ಹಾಕುವುದು. ಎರಡು ವಾರ್ಡಿಗೆ 42, ಎರಡು ವಾರ್ಡಿಗೆ 43. ಎದುರಿಗೆ ಜೋಳದವರು 58, 58, 57, 57. ನಾಲ್ಕೂ ಜೋಳದವರಿಗೆ. 240 ಓಟಿನವರಿಗೆ ನಾಲ್ಕು ಸೀಟು, 260 ಓಟಿನವರಿಗೆ ಒಂದು. ಒಂದು ಕಡೆ ತುಂಬುವುದು, ಇನ್ನೊಂದು ಕಡೆ ಒಡೆಯುವುದು. ಜಗತ್ತಿನ ಯಾವ ಮೂಲೆಯ ಜೆರಿಮ್ಯಾಂಡರಿಂಗ್ ಬಿಡಿಸಿ ನೋಡಿದರೂ ಒಳಗೆ ಇರುವುದು ಇವೆರಡೇ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಜೋಳದವರು ದುರಾಸೆಗೆ ಬಿದ್ದು ಐದೂ ವಾರ್ಡು ಬೇಕು ಎಂದರೆ? 240 ಓಟನ್ನು ಐದಕ್ಕೆ ಹಂಚಿದರೆ ತಲಾ 48, ಐದರಲ್ಲೂ ಸೋಲು. ಅಂದರೆ ಎದುರಿನವರಿಗೆ ಒಂದನ್ನು ಬಿಟ್ಟುಕೊಟ್ಟದ್ದೇ ನಾಲ್ಕನ್ನು ಗೆಲ್ಲಿಸಿದ್ದು. 58–42ರ ಅಂತರ ಇಟ್ಟುಕೊಂಡರೆ ಐದಾರು ಮತದಾರರು ಮನಸ್ಸು ಬದಲಿಸಿದರೂ ಸೀಟು ಅಲ್ಲಾಡುವುದಿಲ್ಲ. 51–49ರ ಅಂತರದಲ್ಲಿ ಎಳೆದರೆ ಒಂದು ಸಣ್ಣ ಗಾಳಿಗೆ ಎಲ್ಲವೂ ಒಟ್ಟಿಗೆ ಉದುರುತ್ತದೆ. ಆದ್ದರಿಂದ ಗೆರೆ ಎಳೆಯುವವರಿಗೆ ಯಾವ ಬೀದಿಯಲ್ಲಿ ಯಾರಿಗೆ ಎಷ್ಟು ಓಟು ಬಿದ್ದಿತ್ತು ಎಂಬ ಹಳೆಯ ಲೆಕ್ಕ ಕರಾರುವಾಕ್ಕಾಗಿ ಗೊತ್ತಿರಬೇಕು.

ಈಗ ನಿಜವಾದ ಊರಿಗೆ ಹೋಗೋಣ. ನಾವು ಆರಿಸಿಕೊಂಡಿದ್ದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ. ಕಾರಣ ಎರಡು. ಅಲ್ಲಿ ರಿಪಬ್ಲಿಕನ್ ಮತ್ತು ಡೆಮಾಕ್ರಟಿಕ್ ಪಕ್ಷಗಳಿಗೆ ಜನರ ಬೆಂಬಲ ಹೆಚ್ಚುಕಡಿಮೆ ಅರ್ಧರ್ಧ, ಹಾಗಾಗಿ ಗೆರೆಯ ಮಹಿಮೆ ಬೇರೆ ಯಾವುದರ ಜೊತೆಗೂ ಬೆರೆಯದೆ ಕಾಣುತ್ತದೆ. ಎರಡನೆಯದು, ಅಲ್ಲಿ ಗೆರೆ ಎಳೆದವರು ತಾವು ಮಾಡಿದ್ದನ್ನು ಬಾಯಿಬಿಟ್ಟು ಹೇಳಿದರು.

ಅಮೆರಿಕದಲ್ಲಿ ಬಹಳಷ್ಟು ಕಡೆ ಸಂಸತ್ತಿನ ಕೆಳಮನೆಯ ಕ್ಷೇತ್ರಗಳ ಗಡಿ ಗುರುತಿಸುವುದು ಆಯಾ ರಾಜ್ಯದ ಶಾಸಕರೇ. ಅಂದರೆ ನಮ್ಮಲ್ಲಿ ವಿಧಾನಸಭೆಯ ಬಹುಮತದ ಪಕ್ಷವೇ ಲೋಕಸಭಾ ಕ್ಷೇತ್ರದ ನಕ್ಷೆ ಬರೆದ ಹಾಗೆ. ನಾರ್ತ್ ಕೆರೊಲಿನಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಈ ನಕ್ಷೆಯನ್ನು ತಡೆಯುವ ಅಧಿಕಾರ ಗವರ್ನರ್‌ಗೂ ಇಲ್ಲ. 2010ರ ಚುನಾವಣೆಯಲ್ಲಿ ಶಾಸನಸಭೆ ರಿಪಬ್ಲಿಕನ್ನರ ಕೈಗೆ ಬಂತು. 2011ರಲ್ಲಿ ಹೊಸ ಜನಗಣತಿಯ ಆಧಾರದ ಮೇಲೆ ಅವರು ನಕ್ಷೆ ಬರೆದರು. 2012ರಲ್ಲಿ ಡೆಮಾಕ್ರಟರಿಗೆ ರಾಜ್ಯದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಓಟು ಬಂತು. ಸೀಟು 13ರಲ್ಲಿ 4. ನಮ್ಮ ರಾಗಿಯವರ ಗತಿಯೇ.

ಆ ನಕ್ಷೆಯಲ್ಲಿ ಒಂದು ಕ್ಷೇತ್ರ ಶಾರ್ಲಟ್ ಎಂಬ ನಗರದಿಂದ ಗ್ರೀನ್ಸ್‌ಬರೊ ಎಂಬ ನಗರದವರೆಗೆ ಹೆದ್ದಾರಿಗುಂಟ ಹಾವಿನ ಹಾಗೆ ಹರಿದಿತ್ತು. ಕಪ್ಪು ಜನರು ಹೆಚ್ಚಿರುವ ಬಡಾವಣೆಗಳನ್ನು ಪೋಣಿಸಿ ಒಂದೇ ಕ್ಷೇತ್ರಕ್ಕೆ ತುಂಬಿದ್ದರು. 2016ರ ಫೆಬ್ರವರಿಯಲ್ಲಿ ನ್ಯಾಯಾಲಯ ಇದನ್ನೂ ಇನ್ನೊಂದು ಕ್ಷೇತ್ರವನ್ನೂ ರದ್ದು ಮಾಡಿತು. ಜನರನ್ನು ಬಣ್ಣ ನೋಡಿ ವಿಂಗಡಿಸಿದ್ದು ಸಂವಿಧಾನಕ್ಕೆ ವಿರುದ್ಧ ಎಂಬುದು ಕಾರಣ. ಹೊಸ ನಕ್ಷೆ ತಕ್ಷಣ ಬೇಕಾಯಿತು.

ಇಲ್ಲಿಂದ ಕತೆ ತಿರುಗುತ್ತದೆ. ಬಣ್ಣ ನೋಡಿ ಗೆರೆ ಎಳೆಯುವುದು ತಪ್ಪು ಎಂದು ನ್ಯಾಯಾಲಯ ಹೇಳಿತ್ತು, ಪಕ್ಷ ನೋಡಿ ಎಳೆಯುವುದು ತಪ್ಪು ಎಂದು ಯಾರೂ ಖಚಿತವಾಗಿ ಹೇಳಿರಲಿಲ್ಲ. ಹಾಗಾಗಿ ಈ ಸಲ ಪಕ್ಷದ ಲಾಭವನ್ನೇ ಒಂದು ನಿಯಮ ಎಂದು ಶಾಸಕರ ಸಮಿತಿ ಬರೆದುಕೊಂಡಿತು. ಸಮಿತಿಯ ಮುಖ್ಯಸ್ಥರಲ್ಲಿ ಒಬ್ಬರಾದ ಡೇವಿಡ್ ಲೂಯಿಸ್ ಸಭೆಯಲ್ಲೇ ಹೇಳಿದ್ದರ ಸಾರ ಹೀಗೆ: ನಮಗೆ 10, ಅವರಿಗೆ 3 ಬರುವಂತೆ ನಕ್ಷೆ ಬರೆಯೋಣ, 11–2 ಬರುವಂತೆ ಬರೆಯಲು ಸಾಧ್ಯ ಅಂತ ನನಗೆ ಅನ್ನಿಸುವುದಿಲ್ಲ. ಓದಿದಾಗ ನಮಗೆ ನಗು ಬಂತು, ಸಿಟ್ಟೂ ಬಂತು. ಆದರೆ ಆ ಮನುಷ್ಯ ಹೇಳಿದ್ದು ಶುದ್ಧ ಗಣಿತ. ಜೋಳದವರು ಐದೂ ವಾರ್ಡಿಗೆ ಆಸೆ ಪಡದೆ ನಾಲ್ಕಕ್ಕೆ ನಿಂತರಲ್ಲ, ಇದು ಅದೇ.

ನಕ್ಷೆ ಬರೆದುಕೊಟ್ಟವರು ಥಾಮಸ್ ಹೋಫೆಲರ್, ದಶಕಗಳಿಂದ ಇದೇ ಕಸುಬಿನಲ್ಲಿ ಪಳಗಿದವರು. ಅವರು ಹಿಂದಿನ ಏಳು ಚುನಾವಣೆಗಳ ಫಲಿತಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡು ಕೂತರು. ಗ್ರೀನ್ಸ್‌ಬರೊದಲ್ಲಿ ನಾರ್ತ್ ಕೆರೊಲಿನಾ ಎ ಅಂಡ್ ಟಿ ಎಂಬ ವಿಶ್ವವಿದ್ಯಾಲಯ ಇದೆ. ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ದೊಡ್ಡ ವಿದ್ಯಾಸಂಸ್ಥೆ. 1960ರಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಹೋಟೆಲ್ ಕೌಂಟರಿನಲ್ಲಿ ಹೋಗಿ ಕೂತು, ಏಳುವುದಿಲ್ಲ ಎಂದು ಹಟ ಹಿಡಿದ ನಾಲ್ವರು ಹುಡುಗರು ಇದೇ ಕಾಲೇಜಿನವರು. 2016ರ ನಕ್ಷೆಯ ಗೆರೆ ಈ ಕ್ಯಾಂಪಸ್ಸಿನ ನಡುವೆಯೇ ಹಾದುಹೋಯಿತು. ಈ ಕಡೆ ಹಾಸ್ಟೆಲಿನವರು ಒಂದು ಕ್ಷೇತ್ರ, ಆ ಕಡೆಯವರು ಇನ್ನೊಂದು ಕ್ಷೇತ್ರ. ಒಟ್ಟಿಗೆ ಇದ್ದಿದ್ದರೆ ಒಬ್ಬ ಅಭ್ಯರ್ಥಿ ಬಂದು ಕೈಮುಗಿಯಬೇಕಾದಷ್ಟು ಓಟು. ಎರಡಾಗಿ ಸೀಳಿದ ಮೇಲೆ ಎರಡೂ ಕಡೆ ಸುತ್ತಲಿನ ಹಳ್ಳಿಗಾಡಿನ ಓಟಿನಲ್ಲಿ ಕರಗಿಹೋದವು. ಒಡೆಯುವುದು ಎಂದರೆ ಇದು. ತುಂಬಿದ್ದು ಬೇರೆ ಮೂರು ಕ್ಷೇತ್ರಗಳಲ್ಲಿ.

ಎರಡು ವರ್ಷದ ನಂತರ, 2018ರಲ್ಲಿ, ಡೆಮಾಕ್ರಟರಿಗೆ ದೇಶದಲ್ಲೆಲ್ಲ ಒಳ್ಳೆಯ ಗಾಳಿ ಇತ್ತು. ನಾರ್ತ್ ಕೆರೊಲಿನಾದಲ್ಲಿ ಅವರಿಗೆ ಬಂದದ್ದು ಸುಮಾರು 48%, ರಿಪಬ್ಲಿಕನ್ನರಿಗೆ 50%. ಸೀಟು? ಬರೆದಿಟ್ಟಂತೆ 10–3. (10ರಲ್ಲಿ ಒಂದು ಕ್ಷೇತ್ರದಲ್ಲಿ ಅಂಚೆ ಮತದ ಅಕ್ರಮ ಬಯಲಾಗಿ ಮರುವರ್ಷ ಮತ್ತೆ ಚುನಾವಣೆ ನಡೆಯಿತು. ಅದೂ ರಿಪಬ್ಲಿಕನ್ನರಿಗೇ ಹೋಯಿತು. ಆ ಅಕ್ರಮ ಬೇರೆ ಕತೆ, ಜೆರಿಮ್ಯಾಂಡರಿಂಗ್ ಅಲ್ಲ ಎಂದು ಮತ್ತೊಮ್ಮೆ ಹೇಳಿಬಿಡುತ್ತೇವೆ.)

ಆ ಫಲಿತಾಂಶದ ಅಂತರಗಳನ್ನು ನೋಡಿದರೆ ನಮ್ಮ ಊರಿನ ಲೆಕ್ಕವೇ ಎದ್ದು ಬರುತ್ತದೆ. ಡೆಮಾಕ್ರಟರು ಗೆದ್ದ ಮೂರೂ ಕಡೆ ಅವರಿಗೆ 70% ಆಸುಪಾಸು ಓಟು, ಚೀಲ ತುಂಬಿ ಚೆಲ್ಲಿದೆ. ರಿಪಬ್ಲಿಕನ್ನರು ಗೆದ್ದ ಕಡೆ, ಡೆಮಾಕ್ರಟಿಕ್ ಎದುರಾಳಿಯೇ ಇಲ್ಲದ ಒಂದು ಕ್ಷೇತ್ರ ಬಿಟ್ಟರೆ, ಒಬ್ಬರೂ 60% ದಾಟಲಿಲ್ಲ. ಎಷ್ಟು ಬೇಕೋ ಅಷ್ಟೇ ಖರ್ಚು. ಒಬ್ಬರು ದೊಡ್ಡ ದೊಡ್ಡ ಅಂತರದಲ್ಲಿ ಕೆಲವನ್ನು ಗೆಲ್ಲುವುದು, ಇನ್ನೊಬ್ಬರು ಹದವಾದ ಅಂತರದಲ್ಲಿ ಬಹಳಷ್ಟನ್ನು ಗೆಲ್ಲುವುದು. ಜೆರಿಮ್ಯಾಂಡರಿಂಗ್ ಹಿಡಿಯಲು ಹೊರಟವರು ಮೊದಲು ನೋಡುವುದು ಇದನ್ನೇ.

ಆದರೆ ಅದಷ್ಟೇ ಸಾಕ್ಷಿಯಾಗುವುದಿಲ್ಲ. ಸೊಟ್ಟ ಆಕಾರವೂ ಸಾಕ್ಷಿಯಲ್ಲ. ನದಿಗುಂಟ ಹೋದ ಗಡಿ ಸೊಟ್ಟಗೇ ಇರುತ್ತದೆ, ಅದರಲ್ಲಿ ಮೋಸ ಇಲ್ಲದೆ ಇರಬಹುದು. ಚೌಕಾಕಾರವಾಗಿ ಚಂದ ಕಾಣುವ ಗಡಿಯಲ್ಲಿ ಮೋಸ ಇರಬಹುದು. 2016ರ ನಕ್ಷೆ 2011ರದ್ದಕ್ಕಿಂತ ನೋಡಲು ಎಷ್ಟೋ ಅಚ್ಚುಕಟ್ಟಾಗಿತ್ತು, ಹಾವಿನ ಹಾಗಿದ್ದ ಕ್ಷೇತ್ರ ಹೋಗಿ ದುಂಡಗಾಗಿತ್ತು. ಫಲಿತಾಂಶ ಮಾತ್ರ ಹಾಗೇ ಇತ್ತು.

ಇದಕ್ಕೆ ಗಣಿತದವರು ಒಂದು ಉಪಾಯ ಕಂಡುಕೊಂಡಿದ್ದಾರೆ, ನಮಗೆ ಬಹಳ ಹಿಡಿಸಿತು. ಪಕ್ಷದ ಲೆಕ್ಕವನ್ನು ಕಣ್ಣಿಗೆ ತೋರಿಸದೆ, ಉಳಿದ ಎಲ್ಲ ನಿಯಮ ಪಾಲಿಸಿ, ಕಂಪ್ಯೂಟರಿನಿಂದ ಸಾವಿರಾರು ನಕ್ಷೆ ಬರೆಸುವುದು. ಪ್ರತಿ ಕ್ಷೇತ್ರಕ್ಕೂ ಸಮನಾದ ಜನಸಂಖ್ಯೆ, ಕ್ಷೇತ್ರ ಒಂದೇ ತುಂಡಾಗಿರಬೇಕು, ಜಿಲ್ಲೆಗಳನ್ನು ಆದಷ್ಟು ಒಡೆಯಬಾರದು, ಇಷ್ಟೇ ಷರತ್ತು. ಆಮೇಲೆ ಆ ನಕ್ಷೆಗಳ ಮೇಲೆ ಹಳೆಯ ಓಟುಗಳನ್ನು ಹರಡಿ, ಯಾರಿಗೆ ಎಷ್ಟು ಸೀಟು ಬರುತ್ತಿತ್ತು ಎಂದು ಎಣಿಸುವುದು. ನಾರ್ತ್ ಕೆರೊಲಿನಾದ ಮೊಕದ್ದಮೆಯಲ್ಲಿ ಒಬ್ಬ ತಜ್ಞರು ಹೀಗೆ 3,000 ನಕ್ಷೆ ಬರೆಸಿದರು. ಹೋಫೆಲರ್ ಬಳಸಿದ ಓಟಿನ ಲೆಕ್ಕವನ್ನೇ ಬಳಸಿದರು. 3,000ದಲ್ಲಿ ಒಂದೇ ಒಂದು ನಕ್ಷೆಯಲ್ಲೂ ಡೆಮಾಕ್ರಟರಿಗೆ ಇಷ್ಟು ಕಡಿಮೆ ಸೀಟು ಬರಲಿಲ್ಲ, ಪ್ರತಿಯೊಂದರಲ್ಲೂ ಕನಿಷ್ಠ ಒಂದಾದರೂ ಹೆಚ್ಚು ಬಂತು. 77% ನಕ್ಷೆಗಳಲ್ಲಿ ಮೂರೋ ನಾಲ್ಕೋ ಹೆಚ್ಚು ಬಂತು. ಸುಮ್ಮನೆ ಎಸೆದ ಕವಡೆ ಮೂರು ಸಾವಿರ ಸಲವೂ ಬೀಳದ ಹಾಗೆ ಇವರ ಕೈಯಲ್ಲಿ ಮಾತ್ರ ಬಿತ್ತು ಎಂದರೆ, ಕವಡೆಯನ್ನು ಎಸೆದಿಲ್ಲ, ಇಟ್ಟಿದ್ದಾರೆ ಎಂದರ್ಥ.

ಇಷ್ಟಾದರೂ 2019ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4ರ ಬಹುಮತದಲ್ಲಿ, ಪಕ್ಷದ ಲಾಭಕ್ಕೆ ಗೆರೆ ಎಳೆದ ದೂರುಗಳನ್ನು ಕೇಂದ್ರದ ನ್ಯಾಯಾಲಯಗಳು ತೀರ್ಮಾನಿಸಲಾರವು ಎಂದಿತು. ಎಷ್ಟಾದರೆ ಅತಿ ಎಂದು ಅಳೆಯಲು ಸರಿಯಾದ ಮಾಪಕ ಇಲ್ಲ ಎಂಬುದು ಅದರ ವಾದದ ತಿರುಳು. ಅದೇ ತೀರ್ಪಿನಲ್ಲಿ ಮೇರಿಲ್ಯಾಂಡ್ ರಾಜ್ಯದ ದೂರೂ ಸೇರಿತ್ತು. ಅಲ್ಲಿ ಗೆರೆ ಎಳೆದು ಲಾಭ ಮಾಡಿಕೊಂಡವರು ಡೆಮಾಕ್ರಟರು. ಸೀಮೆಸುಣ್ಣ ಸಿಕ್ಕರೆ ಇಬ್ಬರೂ ಒಂದೇ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆಮೇಲಿನದು ಇನ್ನೂ ಸ್ವಾರಸ್ಯ. ಕೇಂದ್ರದ ಬಾಗಿಲು ಮುಚ್ಚಿದ ಮೇಲೆ ಜನ ರಾಜ್ಯದ ನ್ಯಾಯಾಲಯಕ್ಕೆ ಹೋದರು. ಅಲ್ಲಿನ ಆದೇಶದಿಂದ ನಕ್ಷೆ ಬದಲಾಗಿ 2020ರಲ್ಲಿ 8–5 ಆಯಿತು. ಎ ಅಂಡ್ ಟಿ ಕ್ಯಾಂಪಸ್ಸು ಮತ್ತೆ ಒಂದಾಯಿತು. ಹೊಸ ಜನಗಣತಿಯಿಂದ ರಾಜ್ಯಕ್ಕೆ 14ನೇ ಸೀಟು ಬಂತು. 2022ರಲ್ಲಿ ನ್ಯಾಯಾಲಯವೇ ಬರೆಸಿದ ನಕ್ಷೆಯಲ್ಲಿ ಚುನಾವಣೆ ನಡೆದು 7–7 ಆಯಿತು. ಆ ರಾಜ್ಯದಲ್ಲಿ ನ್ಯಾಯಾಧೀಶರನ್ನೂ ಜನರೇ ಓಟು ಹಾಕಿ ಆರಿಸುತ್ತಾರೆ. ಅದೇ ಚುನಾವಣೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ರಿಪಬ್ಲಿಕನ್ನರಿಗೆ ಬಹುಮತ ಬಂತು, 2023ರಲ್ಲಿ ಆ ಕೋರ್ಟು ಹಳೆಯ ತೀರ್ಪನ್ನು ತಿರುಗಿಸಿತು. ಶಾಸಕರು ಮತ್ತೆ ನಕ್ಷೆ ಬರೆದರು. ಡೆಮಾಕ್ರಟಿಕ್ ಪಕ್ಷದ ಮೂವರು ಹಾಲಿ ಸದಸ್ಯರು ಹೊಸ ಗೆರೆಗಳನ್ನು ನೋಡಿ ಆ ಸೀಟಿಗೆ ಮತ್ತೆ ನಿಲ್ಲಲೇ ಇಲ್ಲ. 2024ರಲ್ಲಿ 10–4.

ಅದೇ 2024ರ ಅದೇ ದಿನ, ಅದೇ ಮತದಾರರು ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಜೋಶ್ ಸ್ಟೈನ್ ಅವರನ್ನು ದೊಡ್ಡ ಅಂತರದಲ್ಲಿ ಗೆಲ್ಲಿಸಿದರು. ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಅವರಿಗೆ ಹೆಚ್ಚು ಓಟು ಹಾಕಿದರು. ಇಡೀ ರಾಜ್ಯ ಒಂದೇ ಕ್ಷೇತ್ರವಾಗಿರುವ ಕಡೆ ಜನ ಅತ್ತಿತ್ತ ಓಲಾಡುತ್ತಾರೆ. ಗೆರೆ ಇರುವ ಕಡೆ ಸೀಟು ಓಲಾಡುವುದು ನಕ್ಷೆ ಬದಲಾದಾಗ. 1812ರಲ್ಲಿ ಗೆರಿಗೆ ಆದದ್ದೂ ಇದೇ. 2025ರ ಅಕ್ಟೋಬರಿನಲ್ಲಿ ಅಲ್ಲಿನ ಶಾಸಕರು ಮತ್ತೆ ನಕ್ಷೆ ಬದಲಿಸಿದರು, ಈ ಸಲ 11–3ರ ಗುರಿಗೆ. ಅದಕ್ಕೂ ಮೊದಲು ಟೆಕ್ಸಸ್‌ನಲ್ಲಿ ರಿಪಬ್ಲಿಕನ್ನರು ಐದು ಸೀಟು ಹೆಚ್ಚಿಸಿಕೊಳ್ಳಲು ನಕ್ಷೆ ತಿದ್ದಿದ್ದರು. ಅದಕ್ಕೆ ಎದುರಾಗಿ ಕ್ಯಾಲಿಫೋರ್ನಿಯಾದಲ್ಲಿ ಡೆಮಾಕ್ರಟರೂ ತಿದ್ದಿದರು. ನಿಮ್ಮ ಫೋನಿಗೆ ಈ ಪದ ಹೊಳೆಯ ಹಾಗೆ ಹರಿದು ಬರುತ್ತಿರುವುದಕ್ಕೆ ಒಂದು ಕಾರಣ ಇದು.

ಇದನ್ನೆಲ್ಲ ಓದಿದವರು ತಕ್ಷಣ ಕೇಳುವ ಪ್ರಶ್ನೆ ನಮ್ಮ 2018ರ ವಿಧಾನಸಭಾ ಚುನಾವಣೆಯದು. ಆಗ ಕಾಂಗ್ರೆಸ್ಸಿಗೆ ಸುಮಾರು 38% ಓಟು ಬಂದಿತ್ತು, ಬಿಜೆಪಿಗೆ 36%. ಮೇ ತಿಂಗಳಲ್ಲಿ ಎಣಿಕೆಯಾದ 222 ಸೀಟುಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78. ಹಾಗಾದರೆ ಅದೂ ಜೆರಿಮ್ಯಾಂಡರಿಂಗೇ? ಅಲ್ಲ ಎನ್ನುವುದು ನಮ್ಮ ಉತ್ತರ. ಆ ಕ್ಷೇತ್ರಗಳ ಗಡಿ ಹತ್ತು ವರ್ಷ ಮೊದಲೇ, 2008ರ ಮರುವಿಂಗಡಣೆಯಲ್ಲಿ ಗುರುತಾದದ್ದು. ಅದೇ ಗಡಿಗಳಲ್ಲಿ 2008ರಲ್ಲಿ ಬಿಜೆಪಿ, 2013ರಲ್ಲಿ ಕಾಂಗ್ರೆಸ್, 2023ರಲ್ಲಿ ಮತ್ತೆ ಕಾಂಗ್ರೆಸ್ ಸರ್ಕಾರ ಬಂತು. ಕಾಂಗ್ರೆಸ್ಸಿನ ಓಟು ರಾಜ್ಯದ ಎಲ್ಲ ಕಡೆ ತೆಳ್ಳಗೆ ಹರಡಿದೆ, ಬಿಜೆಪಿಯದು ಕೆಲವು ಭಾಗದಲ್ಲಿ ಒತ್ತಾಗಿದೆ, ಹಳೆಯ ಮೈಸೂರು ಭಾಗದಲ್ಲಿ ಜೆಡಿಎಸ್ ನಡುವೆ ನಿಂತಿದೆ. ಒಂದು ಓಟು ಹೆಚ್ಚು ಬಂದವರು ಗೆಲ್ಲುವ ಪದ್ಧತಿಯಲ್ಲಿ, ಮೂರು ಕಡೆಯ ಸ್ಪರ್ಧೆಯಲ್ಲಿ, ಓಟಿಗೂ ಸೀಟಿಗೂ ತಾಳೆಯಾಗದೆ ಹೋಗುವುದು ಮಾಮೂಲು. ತಾಳೆಯಾಗದ್ದೆಲ್ಲ ಜೆರಿಮ್ಯಾಂಡರಿಂಗ್ ಆದರೆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ನಮ್ಮಲ್ಲಿ ವಿಧಾನಸಭೆ, ಲೋಕಸಭೆ ಕ್ಷೇತ್ರಗಳ ಗೆರೆ ಎಳೆಯುವವರು ಶಾಸಕರಲ್ಲ. 2008ರ ಆದೇಶ ಹೊರಡಿಸಿದ್ದು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗ. ಸಂಸದರು, ಶಾಸಕರು ಅದರಲ್ಲಿ ಸಹಸದಸ್ಯರಾಗಿ ಕೂರುತ್ತಾರೆ, ಮಾತಾಡಬಹುದು, ಮತ ಹಾಕುವಂತಿಲ್ಲ. ಕರಡು ಪ್ರಕಟವಾಗುತ್ತದೆ, ಸಾರ್ವಜನಿಕರ ಆಕ್ಷೇಪಣೆ ಕೇಳುತ್ತಾರೆ. ಹೊಸಬರು ಬಂದು ಸೀಮೆಸುಣ್ಣ ಹಿಡಿಯದಷ್ಟು ಇದು ಗಟ್ಟಿ ಎಂದು ನಾವು ಹೇಳುವುದಿಲ್ಲ, ಆದರೆ ನಾರ್ತ್ ಕೆರೊಲಿನಾದ ಪದ್ಧತಿಗೂ ಇದಕ್ಕೂ ಬಹಳ ಅಂತರವಿದೆ.

ನಮಗೆ ಚಿಂತೆ ಇರುವುದು ಕೆಳಗಿನ ಮಟ್ಟದಲ್ಲಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಕ್ಷೇತ್ರಗಳ ಗಡಿಯ ಕರಡು ಬಂದಾಗ ಅದನ್ನು ಓದುವವರು ಟಿಕೆಟ್ ಆಕಾಂಕ್ಷಿಗಳು ಮಾತ್ರ. ಹಿಂದೊಮ್ಮೆ ಅಂಥ ಒಂದು ಕರಡಿನಲ್ಲಿ ಒಂದು ಹಟ್ಟಿಯನ್ನು ಅದರ ಮೂಲ ಊರಿನಿಂದ ಬಿಡಿಸಿ ಹಳ್ಳದಾಚೆಯ ಕ್ಷೇತ್ರಕ್ಕೆ ಸೇರಿಸಿದ್ದರು. ಹಟ್ಟಿಯವರು, "ನಮ್ಮ ಓಟು ಒಡೆಯೋಕೆ ಮಾಡಿದ್ದು" ಎಂದು ನಮ್ಮನ್ನು ಕರೆದರು. ಹೋಗಿ ನೋಡಿದೆವು. ಕಚೇರಿಯವರು, ಒಂದು ಕ್ಷೇತ್ರದ ಜನಸಂಖ್ಯೆ ಮಿತಿ ಮೀರಿತ್ತು, ಯಾವುದಾದರೂ ಒಂದು ಊರನ್ನು ಆಚೆ ಕಳಿಸಲೇಬೇಕಿತ್ತು ಎಂದರು. ಲೆಕ್ಕ ಹಾಕಿದರೆ ಮಾತು ನಿಜ. ಆದರೆ ಆಚೆ ಕಳಿಸಲು ಅಷ್ಟೇ ಜನಸಂಖ್ಯೆಯ ಇನ್ನೂ ಎರಡು ಊರುಗಳಿದ್ದವು, ಅವು ಹಳ್ಳ ದಾಟಬೇಕಾಗಿಯೂ ಇರಲಿಲ್ಲ. ಹಟ್ಟಿಯನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದೆವು. ಉತ್ತರ ಬರಲಿಲ್ಲ. ಹಟ್ಟಿಯವರು ಕೊನೆಯ ದಿನದೊಳಗೆ ಲಿಖಿತ ಆಕ್ಷೇಪಣೆ ಕೊಟ್ಟರು. ಜನಸಂಖ್ಯೆಯ ಲೆಕ್ಕ, ಉಳಿದ ಎರಡು ಊರುಗಳ ಹೆಸರು, ಮಳೆಗಾಲದಲ್ಲಿ ಹಳ್ಳ ಕಟ್ಟುವ ದಿನಗಳು ಎಲ್ಲ ಬರೆದಿದ್ದರು. ಅಂತಿಮ ಪಟ್ಟಿಯಲ್ಲಿ ಹಟ್ಟಿ ಮೂಲ ಊರಿನಲ್ಲೇ ಉಳಿಯಿತು. ಅಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತು ಎಂದು ನಾವು ಬರೆಯಲಿಲ್ಲ, ಬರೆಯಲು ಸಾಕ್ಷಿ ಇರಲಿಲ್ಲ.

ಸಾಕ್ಷಿ ಹುಡುಕುವ ದಾರಿ ಮಾತ್ರ ಇದೆ. ವಿಧಾನಸಭೆ, ಲೋಕಸಭೆ ಚುನಾವಣೆ ಮುಗಿದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಎಂಬ ಪಟ್ಟಿ, ಫಾರಂ 20 ಅನ್ನುತ್ತಾರೆ, ಸಾರ್ವಜನಿಕರಿಗೂ ಸಿಗುತ್ತದೆ. ಹೋಫೆಲರ್ ಕಂಪ್ಯೂಟರಿಗೆ ಹಾಕಿಕೊಂಡದ್ದು ಇಂಥದ್ದೇ ಲೆಕ್ಕ. ಗೆರೆ ಎಳೆಯುವವರಿಗೆ ಯಾವ ಹಟ್ಟಿ ಯಾರ ಕಡೆ ಎಂದು ಹೇಳುವ ಕಾಗದವೇ, ಎಳೆದ ಗೆರೆಯನ್ನು ಪರೀಕ್ಷೆ ಮಾಡುವವರಿಗೂ ಬೇಕಾದದ್ದು. ಕರಡು ಬಂದ ದಿನ ಹಳೆಯ ಕ್ಷೇತ್ರ, ಹೊಸ ಕ್ಷೇತ್ರ ಎರಡನ್ನೂ ಎರಡು ಕಾಲಮ್ಮಿನಲ್ಲಿ ಬರೆದು, ಜಾಗ ಬದಲಿಸಿದ ಊರುಗಳಿಗೆ ಮಾತ್ರ ಗುರುತು ಹಾಕಿ, ಪಕ್ಕದಲ್ಲಿ ಆ ಊರಿನ ಮತಗಟ್ಟೆಯ ಓಟು ಬರೆಯುತ್ತೇವೆ. ಬದಲಾದ ಊರುಗಳಲ್ಲಿ ಎರಡೂ ಕಡೆಯವು ಕಲಸಿಕೊಂಡಿದ್ದರೆ ಸಾಮಾನ್ಯವಾಗಿ ಜನಸಂಖ್ಯೆಯ ಹೊಂದಾಣಿಕೆ. ಒಂದೇ ಪಕ್ಷದ ಊರುಗಳು ಒಂದೊಂದಾಗಿ ಬೇರೆ ಬೇರೆ ಕ್ಷೇತ್ರಕ್ಕೆ ಹಂಚಿಹೋಗಿದ್ದರೆ ನಿಂತು ಕೇಳಬೇಕು. ಗ್ರಾಮ ಪಂಚಾಯಿತಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ, ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಅಲ್ಲಿ ಗೆರೆ ನೋಡುವುದು ಮನೆತನ ನೋಡಿ, ಕೇರಿ ನೋಡಿ, ಮತ್ತು ಅದು ಯಾವ ಫಾರಮ್ಮಿನಲ್ಲೂ ಇರುವುದಿಲ್ಲ, ಊರಿನವರಿಗೇ ಗೊತ್ತಿರುತ್ತದೆ.